‘ಅದೂ ಆಗಲಿಲ್ಲ, ಆಮೇಲೆ?’

(ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ‘ಉದ್ಯಮಿಗಳು ಹುಟ್ಟುತ್ತಾರೆಯೇ, ರೂಪುಗೊಳ್ಳುತ್ತಾರೆಯೇ?’ ಎಂಬ ವಿಷಯದ ಮೇಲೆ, ‘ರೂಪುಗೊಳ್ಳುತ್ತಾರೆ’ ಎಂಬ ಪಕ್ಷದ ಪರವಾಗಿ ಆಡಿದ ಮೊದಲ ಮಾತಿನ ಬರಹ ರೂಪ)

ಅಧ್ಯಕ್ಷರೇ, ತೀರ್ಪುಗಾರರೇ, ಎದುರು ಪಕ್ಷದ ಗೆಳೆಯರೇ,

‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಮಾತನ್ನು ನಾವೆಲ್ಲರೂ ಮನೆಯಲ್ಲಿ ಕೇಳಿಯೇ ಬೆಳೆದಿದ್ದೇವೆ. ಅಂಗಡಿಯವನ ಮಗ ಅಂಗಡಿ ಹಿಡಿದರೆ ‘ರಕ್ತದಲ್ಲೇ ಬಂದಿದೆ’ ಎನ್ನುತ್ತೇವೆ. ಮೇಷ್ಟ್ರ ಮಗ ಅಂಗಡಿ ತೆರೆದು ಸೋತರೆ ‘ನಮ್ಮಂಥವರಿಗೆ ಅದೆಲ್ಲ ಹೇಳಿದ್ದಲ್ಲ’ ಎನ್ನುತ್ತೇವೆ. ಎರಡೂ ಸಲ ನಾವು ಏನನ್ನೂ ಪರೀಕ್ಷಿಸಿರುವುದಿಲ್ಲ, ಆದದ್ದಕ್ಕೆ ಒಂದು ಹೆಸರು ಕೊಟ್ಟಿರುತ್ತೇವೆ ಅಷ್ಟೆ. ಇವತ್ತು ನಾನು ಯಾವ ದೊಡ್ಡ ಉದ್ಯಮಿಯ ಜೀವನಕಥೆಯನ್ನೂ ಹೇಳಲು ಬಂದಿಲ್ಲ. ಒಂದು ಜೀವನಕಥೆಯನ್ನು ಯಾವ ಪಕ್ಷದವರು ಬೇಕಾದರೂ ತಮ್ಮ ಕಡೆಗೆ ತಿರುಗಿಸಿಕೊಳ್ಳಬಹುದು. ಹುಟ್ಟು ಬೇರೆ, ಬೆಳವಣಿಗೆ ಬೇರೆ ಎಂದು ಬಿಡಿಸಿ ನೋಡಲು ಸಾಧ್ಯವಾದ ಸಂದರ್ಭಗಳು ಜಗತ್ತಿನಲ್ಲಿ ಕೆಲವೇ ಇವೆ. ಅವುಗಳನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲಿಗೆ, ಎದುರು ಪಕ್ಷದವರು ತರಬಹುದಾದ ಅತ್ಯಂತ ಗಟ್ಟಿ ವಾದವನ್ನು ನಾನೇ ಎತ್ತಿಕೊಳ್ಳುತ್ತೇನೆ. ಉದ್ಯಮಿಗಳ ಮಕ್ಕಳು ಉದ್ಯಮಿಗಳಾಗುವುದು ಹೆಚ್ಚು, ಇದು ನಿಜ. ಬ್ರಿಟನ್ನಿನ ಅವಳಿಗಳನ್ನು ಹೋಲಿಸಿ 2008ರಲ್ಲಿ ಪ್ರಕಟವಾದ ಅಧ್ಯಯನವೊಂದು, ಉದ್ಯಮಕ್ಕೆ ಇಳಿಯುವ ಒಲವಿನಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಅರ್ಧದಷ್ಟಕ್ಕೆ ವಂಶವಾಹಿಗಳು ಕಾರಣವಿರಬಹುದು ಎಂದಿತು. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಈ ‘ಅರ್ಧ’ದ ಅರ್ಥವನ್ನು ಸರಿಯಾಗಿ ಹಿಡಿಯಬೇಕು. ಮನುಷ್ಯರ ಎತ್ತರ ಇದಕ್ಕಿಂತಲೂ ಹೆಚ್ಚು ವಂಶವಾಹಿಗಳನ್ನು ಅವಲಂಬಿಸಿದೆ. ಹಾಗಿದ್ದೂ ದಕ್ಷಿಣ ಕೊರಿಯಾದ ಮಹಿಳೆಯರ ಸರಾಸರಿ ಎತ್ತರ ಒಂದು ಶತಮಾನದಲ್ಲಿ ಸುಮಾರು 20 ಸೆಂಟಿಮೀಟರ್ ಹೆಚ್ಚಿತು. ಅಷ್ಟರಲ್ಲಿ ಅವರ ವಂಶವಾಹಿ ಬದಲಾಗಲಿಲ್ಲ, ಊಟ ಬದಲಾಯಿತು, ಆರೋಗ್ಯ ಬದಲಾಯಿತು. ಒಂದೇ ಬಗೆಯ ಊಟ ಉಣ್ಣುವವರ ನಡುವೆ ಯಾರು ಎತ್ತರ, ಯಾರು ಕುಳ್ಳು ಎಂಬುದನ್ನು ರಕ್ತ ಬಹುಮಟ್ಟಿಗೆ ನಿರ್ಧರಿಸಬಹುದು. ಆದರೆ ಊಟ ಬದಲಾದರೆ ಎಲ್ಲರೂ ಎಷ್ಟು ಬೆಳೆಯಬಲ್ಲರು ಎಂಬುದಕ್ಕೆ ರಕ್ತದಲ್ಲಿ ಉತ್ತರವಿಲ್ಲ. ಅವಳಿಗಳ ಅಧ್ಯಯನ ಮೊದಲ ಪ್ರಶ್ನೆಗೆ ಉತ್ತರ ಕೊಡುತ್ತದೆ. ಇವತ್ತಿನ ನಮ್ಮ ಚರ್ಚೆ ಎರಡನೆಯ ಪ್ರಶ್ನೆಯದು.

ಇನ್ನು ಉದ್ಯಮಿಗಳ ಮಕ್ಕಳ ಮಾತು. ಅಪ್ಪನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕೂತು ಬೆಳೆದ ಹುಡುಗನಿಗೆ ಅಪ್ಪನ ರಕ್ತವೂ ಸಿಕ್ಕಿದೆ, ಅಪ್ಪನ ಗಲ್ಲಾಪೆಟ್ಟಿಗೆಯೂ ಸಿಕ್ಕಿದೆ. ಇವೆರಡನ್ನು ಬಿಡಿಸುವುದು ಹೇಗೆ? ದತ್ತು ಮಕ್ಕಳನ್ನು ನೋಡಬೇಕು. ಸ್ವೀಡನ್ನಿನಲ್ಲಿ ಪ್ರತಿ ಪ್ರಜೆಯ ದಾಖಲೆ ಸರ್ಕಾರದ ಬಳಿ ಅಚ್ಚುಕಟ್ಟಾಗಿದೆ. ದತ್ತು ಮಗುವಿನ ಹೆತ್ತವರು ಯಾರು, ಸಾಕಿದವರು ಯಾರು, ಇಬ್ಬರ ಕಸುಬೇನು ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. 2015ರಲ್ಲಿ ಪ್ರಕಟವಾದ ಅಧ್ಯಯನ ಅದನ್ನೇ ಬಳಸಿಕೊಂಡಿತು. ತಂದೆ ಅಥವಾ ತಾಯಿ ಉದ್ಯಮಿಯಾಗಿದ್ದರೆ ಮಗು ಉದ್ಯಮಿಯಾಗುವ ಸಾಧ್ಯತೆ ಸಾಮಾನ್ಯವಾಗಿ ಶೇ 60ರಷ್ಟು ಹೆಚ್ಚು ಎಂದು ಕಂಡುಬಂತು. ದತ್ತು ಮಕ್ಕಳಲ್ಲಿ ಹೆತ್ತವರ ಪ್ರಭಾವವೂ ಇತ್ತು, ಸಾಕಿದವರ ಪ್ರಭಾವವೂ ಇತ್ತು. ಆದರೆ ಸಾಕಿದವರ ಪ್ರಭಾವ ಹೆತ್ತವರದಕ್ಕಿಂತ ಸುಮಾರು ಎರಡು ಪಟ್ಟು. ರಕ್ತಕ್ಕೆ ಒಂದು ಪಾಲು, ಮನೆಗೆ ಎರಡು ಪಾಲು.

ನಮ್ಮ ಕರಾವಳಿಯ ಹೋಟೆಲ್ ಉದ್ಯಮವನ್ನು ಈ ಬೆಳಕಿನಲ್ಲಿ ನೋಡಿ. ಉಡುಪಿಯ ಕಡೆಯವರಿಗೆ ಹೋಟೆಲ್ ರಕ್ತಗತ ಎಂದು ಹೇಳುವುದು ವಾಡಿಕೆ. ಕಡಂದಲೆಯ ಬಡ ಕುಟುಂಬದಲ್ಲಿ ಹುಟ್ಟಿದ ಕೆ. ಕೃಷ್ಣರಾಯರು ಮದರಾಸಿಗೆ ಹೋಗಿ ಬೇರೆಯವರ ಹೋಟೆಲಿನಲ್ಲಿ ದುಡಿದರು, ಆಮೇಲೆ 1938ರಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಅವರ ಹಾಗೆ ರುಬ್ಬುವ ಕಲ್ಲಿನಿಂದ, ಲೋಟ ತೊಳೆಯುವ ತೊಟ್ಟಿಯಿಂದ ಶುರು ಮಾಡಿ ಗಲ್ಲಾದವರೆಗೆ ಬಂದವರು ಆ ಸೀಮೆಯಲ್ಲಿ ಎಷ್ಟೋ ಮಂದಿ. ಊರಿನವನೊಬ್ಬ ಮುಂಬಯಿಯಲ್ಲಿ ಹೋಟೆಲಿಟ್ಟರೆ ಊರಿನ ಹುಡುಗರನ್ನು ಕರೆಸಿಕೊಳ್ಳುತ್ತಿದ್ದ. ಅವರು ಹತ್ತು ವರ್ಷ ಕೆಲಸ ಕಲಿತು ತಮ್ಮದೇ ಹೋಟೆಲ್ ಇಡುತ್ತಿದ್ದರು. ಇದು ಹಲಗೆಯಿಲ್ಲದ ಶಾಲೆ. ನಾವು ಆ ಶಾಲೆಯನ್ನು ಕಾಣದೆ ಅದರ ಹೆಸರನ್ನು ರಕ್ತ ಎಂದು ಬರೆದುಬಿಟ್ಟೆವು.

ಈಗ ನನ್ನ ವಾದದ ನಡುಮನೆಗೆ ಬರುತ್ತೇನೆ.

1989ರಲ್ಲಿ ಬರ್ಲಿನ್ ಗೋಡೆ ಬಿತ್ತು. ಒಂದೇ ಭಾಷೆ, ಒಂದೇ ಜನ, ಒಂದೇ ವಂಶ. ಗೋಡೆಯ ಆ ಕಡೆಗೂ ಈ ಕಡೆಗೂ ಅಣ್ಣತಮ್ಮಂದಿರಿದ್ದರು. ಆದರೆ ನಲವತ್ತು ವರ್ಷ ಪೂರ್ವ ಜರ್ಮನಿಯ ಕೆಲಸಗಾರ ಮೇಲಿನಿಂದ ಬಂದ ಯೋಜನೆಯಂತೆ ದುಡಿದಿದ್ದ, ತನ್ನ ಕೆಲಸದ ಬಗ್ಗೆ ತಾನೇ ತೀರ್ಮಾನ ಮಾಡುವ ಅವಕಾಶ ಅವನಿಗೆ ಕಡಿಮೆಯಿತ್ತು. ಮೈಕೆಲ್ ಫ್ರೆಸೆ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞರು ತಮ್ಮ ಸಂಗಡಿಗರೊಂದಿಗೆ ಎರಡೂ ಕಡೆಯ ಕೆಲಸಗಾರರನ್ನು ಹೋಲಿಸಿದರು. ಅವರು ಅಳೆಯಹೊರಟದ್ದು ಒಂದೇ ಗುಣವನ್ನು. ಯಾರೂ ಹೇಳದೆ ತಾನಾಗಿ ಕೆಲಸಕ್ಕೆ ಕೈ ಹಾಕುವುದು, ಮುಂದೆ ಬರುವುದನ್ನು ಇವತ್ತೇ ಯೋಚಿಸುವುದು, ಅಡ್ಡಿ ಬಂದಾಗ ಬಿಡದಿರುವುದು, ಈ ಮೂರೂ ಸೇರಿದ ಗುಣ ಅದು. ಕನ್ನಡದಲ್ಲಿ ಅದನ್ನು ಸ್ವಯಂಪ್ರೇರಣೆ ಎನ್ನೋಣ. ಉದ್ಯಮಿಯಲ್ಲಿ ನಾವು ‘ಹುಟ್ಟಿನಿಂದ ಬಂದದ್ದು’ ಎಂದು ಬೆರಗಾಗುವುದು ಇದನ್ನೇ ಅಲ್ಲವೇ?

ಅವರು ಅಳೆದ ರೀತಿ ನನಗೆ ಬಹಳ ಹಿಡಿಸಿತು. ‘ನೀವು ಧೈರ್ಯವಂತರೇ?’ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಅದರ ಬದಲು ಕೆಲಸದ ಜಾಗದ ಒಂದು ತೊಡಕನ್ನು ಮುಂದಿಡುತ್ತಿದ್ದರು. ಜೊತೆಗಾರ ತನ್ನ ಪಾಲಿನ ಕೆಲಸವನ್ನು ಯಾವಾಗಲೂ ಕೆಡಿಸಿ ನಿಮ್ಮ ಮೇಲೆ ಹಾಕುತ್ತಾನೆ, ಏನು ಮಾಡುತ್ತೀರಿ ಎಂಬಂಥದ್ದು. ಅವನೊಂದಿಗೆ ಮಾತಾಡುತ್ತೇನೆ ಎಂದರೆ, ‘ಅದರಿಂದ ಪ್ರಯೋಜನವಾಗಲಿಲ್ಲ ಎಂದುಕೊಳ್ಳಿ, ಆಮೇಲೆ?’ ಮೇಲಿನವರಿಗೆ ಹೇಳುತ್ತೇನೆ ಎಂದರೆ, ‘ಅದೂ ಆಗಲಿಲ್ಲ, ಆಮೇಲೆ?’ ಹೀಗೆ ಒಂದೊಂದೇ ಬಾಗಿಲು ಮುಚ್ಚುತ್ತ ಹೋಗುವುದು, ಆ ಮನುಷ್ಯ ಇನ್ನೂ ಎಷ್ಟು ಬಾಗಿಲು ಹುಡುಕುತ್ತಾನೆ ಎಂದು ಎಣಿಸುವುದು.

ಪೂರ್ವದವರಲ್ಲಿ ಈ ಗುಣ ಪಶ್ಚಿಮದವರಿಗಿಂತ ಕಡಿಮೆಯಿತ್ತು. 1996ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಪೂರ್ವದ ಕೆಲಸಗಾರರನ್ನು ಅವರು ವರ್ಷಗಳ ಕಾಲ ಮತ್ತೆ ಮತ್ತೆ ಸಂದರ್ಶಿಸಿದಾಗ ಕಂಡದ್ದು ಇನ್ನೂ ಮುಖ್ಯ. ಕೆಲಸದಲ್ಲಿ ತಾವೇ ತೀರ್ಮಾನಿಸುವ ಅವಕಾಶ ಮತ್ತು ಹೊಣೆ ಹೆಚ್ಚಿದವರಲ್ಲಿ ಸ್ವಯಂಪ್ರೇರಣೆಯೂ ಏರಿತು. ಒಂದೇ ರಕ್ತದ ಜನರಲ್ಲಿ ನಲವತ್ತು ವರ್ಷದ ವ್ಯವಸ್ಥೆ ಅದನ್ನು ತಗ್ಗಿಸಿತು, ಬೇರೆ ವ್ಯವಸ್ಥೆ ಮತ್ತೆ ಏರಿಸಿತು. ಹುಟ್ಟುಗುಣ ಹೀಗೆ ಏರಿಳಿಯುವುದಿಲ್ಲ.

ಅಷ್ಟಾದರೂ ಎದುರು ಪಕ್ಷದವರು ಕೇಳಬಹುದು: ಅದು ಸಂಬಳದ ಕೆಲಸಗಾರರ ಮಾತಾಯಿತು, ವ್ಯಾಪಾರ ಮಾಡುವವರ ಮಾತೇನು? ಬೆಳೆದು ದೊಡ್ಡವರಾದ ವ್ಯಾಪಾರಿಗಳಿಗೆ ಈ ಗುಣವನ್ನು ಕೂರಿಸಿ ಕಲಿಸಲು ಸಾಧ್ಯವೇ? ಕಲಿಸಿದರೆ ಕೈಗೆ ದುಡ್ಡು ಬರುತ್ತದೆಯೇ? ಇದಕ್ಕೆ ಉತ್ತರ ಸಿಕ್ಕಿದ್ದು ಪಶ್ಚಿಮ ಆಫ್ರಿಕಾದ ಟೋಗೊ ದೇಶದ ರಾಜಧಾನಿ ಲೋಮೆಯಲ್ಲಿ.

2014ರಲ್ಲಿ ಸಂಶೋಧಕರು ಅಲ್ಲಿ 1,500 ಸಣ್ಣ ವ್ಯಾಪಾರಿಗಳೊಂದಿಗೆ ಒಂದು ಪ್ರಯೋಗ ನಡೆಸಿದರು. ನೋಂದಣಿಯಿಲ್ಲದ ಸಣ್ಣಪುಟ್ಟ ವ್ಯಾಪಾರ, ಕೈಕಸುಬು, ಸೇವೆಗಳಲ್ಲಿ ತೊಡಗಿದವರು. ಅವರಲ್ಲಿ ಹೆಂಗಸರೂ ಇದ್ದರು, ಗಂಡಸರೂ ಇದ್ದರು. ಚೀಟಿ ಎತ್ತಿದಂತೆ, ಯಾರ ಇಷ್ಟಾನಿಷ್ಟವೂ ಇಲ್ಲದೆ, ಅವರನ್ನು ತಲಾ 500ರ ಮೂರು ಗುಂಪು ಮಾಡಿದರು. ಇಲ್ಲಿ ಒಂದು ಗಳಿಗೆ ನಿಲ್ಲಬೇಕು, ಏಕೆಂದರೆ ಇವತ್ತಿನ ಚರ್ಚೆಯ ಕೀಲಿ ಇಲ್ಲಿದೆ. ಹುಟ್ಟಿನಿಂದ ಚುರುಕಾದವರು ಆ 1,500 ಮಂದಿಯಲ್ಲಿ ಖಂಡಿತ ಇದ್ದರು, ಹುಟ್ಟಿನಿಂದ ಮಂದರಾದವರೂ ಇದ್ದರು. ಚೀಟಿ ಎತ್ತಿ ಹಂಚಿದಾಗ ಅವರು ಮೂರೂ ಗುಂಪಿಗೆ ಸರಿಸುಮಾರು ಸಮನಾಗಿ ಹಂಚಿಹೋಗುತ್ತಾರೆ. ಜೋಳದ ಚೀಲವನ್ನು ಚೆನ್ನಾಗಿ ಕಲಸಿ ಮೂರು ರಾಶಿ ಮಾಡಿದರೆ ಗಟ್ಟಿಕಾಳು, ಜೊಳ್ಳು ಎಲ್ಲ ರಾಶಿಯಲ್ಲೂ ಒಂದೇ ಅಳತೆಯಲ್ಲಿ ಇರುವ ಹಾಗೆ. ಆಮೇಲೆ ಒಂದು ರಾಶಿಯ ಪೈರು ಮಾತ್ರ ಹುಲುಸಾಗಿ ಬಂದರೆ ಅದಕ್ಕೆ ಬೀಜ ಕಾರಣವಾಗಲಾರದು, ಉಳುಮೆ ಕಾರಣ.

ಮೊದಲ ಗುಂಪಿಗೆ ಏನೂ ಕಲಿಸಲಿಲ್ಲ. ಎರಡನೆಯ ಗುಂಪಿಗೆ ಎಲ್ಲೆಡೆ ನಡೆಯುವ ವ್ಯಾಪಾರ ತರಬೇತಿ ಸಿಕ್ಕಿತು: ಲೆಕ್ಕ ಇಡುವುದು, ಹಣದ ನಿರ್ವಹಣೆ, ಮಾರಾಟ, ಕೆಲಸದವರನ್ನು ನೋಡಿಕೊಳ್ಳುವುದು. ಮೂರನೆಯ ಗುಂಪಿಗೆ ಫ್ರೆಸೆಯವರ ಸ್ವಯಂಪ್ರೇರಣೆಯ ತರಬೇತಿ. ಎರಡೂ ತರಬೇತಿಗಳ ಅವಧಿ ಒಂದೇ. ವಾರಕ್ಕೆ ಮೂರು ಅರ್ಧ ದಿನದಂತೆ ನಾಲ್ಕು ವಾರ, ಒಟ್ಟು 36 ಗಂಟೆ. ಅದಾದ ಮೇಲೆ ನಾಲ್ಕು ತಿಂಗಳು, ತಿಂಗಳಿಗೊಮ್ಮೆ ತರಬೇತುದಾರರು ವ್ಯಾಪಾರದ ಜಾಗಕ್ಕೇ ಬಂದು ಮೂರು ಗಂಟೆ ಕೂತು, ಕಲಿತದ್ದು ಕೆಲಸದಲ್ಲಿ ಇಳಿದಿದೆಯೇ ಎಂದು ನೋಡುತ್ತಿದ್ದರು.

ಮೂರನೆಯ ಗುಂಪಿಗೆ ಕಲಿಸಿದ್ದು ಉತ್ಸಾಹದ ಭಾಷಣವಲ್ಲ. ನಿಮ್ಮ ಪಕ್ಕದ ಅಂಗಡಿಗಿಂತ ನಿಮ್ಮದು ಯಾವುದರಲ್ಲಿ ಬೇರೆ? ಗಿರಾಕಿಗೆ ಏನು ಬೇಕು ಎಂದು ಗಿರಾಕಿಯನ್ನಲ್ಲದೆ ಇನ್ನು ಯಾರನ್ನು ಕೇಳಿ ತಿಳಿಯಬಹುದು? ಇನ್ನು ಎರಡು ವರ್ಷಕ್ಕೆ ಈ ಬೀದಿಯಲ್ಲಿ ಏನು ಬದಲಾಗಬಹುದು? ಗುರಿಗೆ ಅಳತೆಯಿದೆಯೇ, ಅಡ್ಡಿ ಬರುವ ಮೊದಲೇ ಅದರ ದಾರಿ ಯೋಚಿಸಿದ್ದೀರಾ? ಪ್ರತಿಯೊಬ್ಬರೂ ತಮ್ಮ ತಮ್ಮ ವ್ಯಾಪಾರದ ಮೇಲೆಯೇ ಇದನ್ನು ಅಭ್ಯಾಸ ಮಾಡಬೇಕಿತ್ತು.

ಆಮೇಲಿನ ಎರಡೂವರೆ ವರ್ಷದಲ್ಲಿ ನಾಲ್ಕು ಸಲ ಹೋಗಿ ಲೆಕ್ಕ ಕೇಳಿದರು. ಫಲಿತಾಂಶ 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಏನೂ ಕಲಿಯದ ಗುಂಪಿನ ಸರಾಸರಿ ಲಾಭವನ್ನು ನೂರು ರೂಪಾಯಿ ಎಂದುಕೊಂಡರೆ ಸ್ವಯಂಪ್ರೇರಣೆ ಕಲಿತವರದು ನೂರ ಮೂವತ್ತು. ಸಾಮಾನ್ಯ ತರಬೇತಿ ಪಡೆದವರದು ನೂರ ಹನ್ನೊಂದು. ಆ ಹನ್ನೊಂದು ರೂಪಾಯಿ ಕೂಡ ಆಕಸ್ಮಿಕವಲ್ಲ ಎಂದು ಲೆಕ್ಕಶಾಸ್ತ್ರದ ಪ್ರಕಾರ ಖಚಿತವಾಗಿ ಹೇಳುವಂತಿರಲಿಲ್ಲ. ಹೆಂಗಸರ ವ್ಯಾಪಾರದಲ್ಲಿ ವ್ಯತ್ಯಾಸ ಇನ್ನೂ ಎದ್ದು ಕಂಡಿತು: ಸ್ವಯಂಪ್ರೇರಣೆಯ ತರಬೇತಿಯಿಂದ ಶೇ 40ರ ಏರಿಕೆ, ಸಾಮಾನ್ಯ ತರಬೇತಿಯಿಂದ ಶೇ 5. ಮೂರನೆಯ ಗುಂಪಿನವರು ಹೊಸ ಸರಕು ತಂದದ್ದು ಹೆಚ್ಚು, ಬಂಡವಾಳ ಹೂಡಿದ್ದು ಹೆಚ್ಚು. ತರಬೇತಿಗೆ ಮಾಡಿದ ಖರ್ಚು ಒಂದು ವರ್ಷದೊಳಗೆ ಲಾಭದಲ್ಲೇ ತೀರಿಹೋಯಿತು.

36 ಗಂಟೆ, ಮತ್ತು ನಾಲ್ಕು ಭೇಟಿ. ಯಾರ ತಂದೆತಾಯಿಯೂ ಬದಲಾಗಲಿಲ್ಲ.

ಇದು ನನಗೆ ಬರಿಯ ಓದಿನ ವಿಷಯವಲ್ಲ. ನನ್ನ ಚಿಕ್ಕಮ್ಮ ಮನೆಯಲ್ಲಿ ರೊಟ್ಟಿ ಬಡಿದು ಒಂದು ಖಾನಾವಳಿಗೆ ಕೊಡುತ್ತಿದ್ದರು. ನಮ್ಮ ವಂಶದಲ್ಲಿ ಒಕ್ಕಲುತನ ಬಿಟ್ಟು ಬೇರೆ ಕಸುಬು ಕಂಡವರಿಲ್ಲ. ದಿನಕ್ಕೆ ನೂರು ರೊಟ್ಟಿ, ಒಂದಕ್ಕೆ ಆರು ರೂಪಾಯಿ. ಬಂದ ದುಡ್ಡನ್ನು ಜೀರಿಗೆ ಡಬ್ಬಿಯ ಹಿಂದಿನ ಒಂದು ಡಬ್ಬಿಯಲ್ಲಿ ಹಾಕುತ್ತಿದ್ದರು, ಹಾಲಿನವನಿಗೂ ಅದರಿಂದಲೇ, ಹಿಟ್ಟಿನ ಗಿರಣಿಗೂ ಅದರಿಂದಲೇ. ಲಾಭ ಎಷ್ಟು ಎಂದು ಕೇಳಿದರೆ ‘ನಡೀತದೆ’ ಎನ್ನುತ್ತಿದ್ದರು.

ಬ್ಯಾಂಕ್ ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯೊಂದಕ್ಕೆ ಅವರು ಹೋದದ್ದು ನೆರೆಮನೆಯವರ ಒತ್ತಾಯಕ್ಕೆ. ಈ ಸಂಸ್ಥೆಗಳ ಮೂಲಮಾದರಿ ನಮ್ಮ ರಾಜ್ಯದ್ದೇ, 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಸಂಸ್ಥೆ ಮತ್ತು ಎರಡು ಬ್ಯಾಂಕುಗಳು ಸೇರಿ ಆರಂಭಿಸಿದ ರುಡ್‌ಸೆಟ್. ಊಟ, ವಸತಿ, ಕಲಿಕೆ ಎಲ್ಲ ಉಚಿತ. ತರಬೇತಿ ಮುಗಿದ ಮೇಲೂ ಎರಡು ವರ್ಷ ಬೆನ್ನಿಗೆ ನಿಲ್ಲುತ್ತಾರೆ.

ಅಲ್ಲಿ ಮೊದಲ ದಿನಗಳಲ್ಲೇ ಚಿಕ್ಕಮ್ಮನಿಂದ ಒಂದು ಲೆಕ್ಕ ಬರೆಸಿದರು. ಒಂದು ಕಿಲೋ ಜೋಳದಲ್ಲಿ ಹದಿನೆಂಟು ರೊಟ್ಟಿ. ಮಾರಿದರೆ 108 ರೂಪಾಯಿ. ಜೋಳಕ್ಕೆ 50, ಗಿರಣಿಗೆ 5, ಗ್ಯಾಸಿಗೆ 15 ಕಳೆದರೆ ಕೈಯಲ್ಲಿ ಉಳಿದದ್ದು 38. ನೂರು ರೊಟ್ಟಿಗೆ ಸುಮಾರು 210 ರೂಪಾಯಿ, ಅದಕ್ಕೆ ಬೆಂಕಿಯ ಮುಂದೆ ಐದು ಗಂಟೆ. ಚಿಕ್ಕಮ್ಮ ಆ ಅಂಕಿಯನ್ನು ಬಹಳ ಹೊತ್ತು ನೋಡುತ್ತ ಕೂತಿದ್ದರಂತೆ. ಆದರೆ ಅವರನ್ನು ಬದಲಿಸಿದ್ದು ಲೆಕ್ಕವಲ್ಲ. ಆ ಮೇಲೆ ತರಬೇತಿ ಕೊಡುತ್ತಿದ್ದ ಮೇಡಂ ಕೇಳಿದ ಪ್ರಶ್ನೆ: ‘ಅಕ್ಕಾ, ನಾಳೆ ಆ ಖಾನಾವಳಿ ಮುಚ್ಚಿದರೆ?’ ಇನ್ನೊಂದು ಖಾನಾವಳಿ ಹುಡುಕುತ್ತೇನೆ ಎಂದರು. ‘ಅವರು ಮೊದಲೇ ಬೇರೆಯವರಿಂದ ಕೊಳ್ಳುತ್ತಿದ್ದಾರೆ. ಆಮೇಲೆ?’

ಜರ್ಮನಿಯ ಸಂದರ್ಶನದ ಬಗ್ಗೆ ಓದಿದಾಗ ನನಗೆ ತಟ್ಟನೆ ನೆನಪಾದದ್ದು ಈ ಮೇಡಂ. ಆ ಎರಡನೆಯ ‘ಆಮೇಲೆ’ಗೆ ಚಿಕ್ಕಮ್ಮನಿಗೆ ಅವತ್ತು ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ವಾರದ ಮೇಲೆ, ಬೆಂಗಳೂರಿನಲ್ಲಿ ಓದುವ ಪಕ್ಕದ ಮನೆ ಹುಡುಗ ಪ್ರತಿ ಸಲ ಖಡಕ್ ರೊಟ್ಟಿ ಕಟ್ಟಿಸಿಕೊಂಡು ಹೋಗುವುದು ಕಣ್ಣಿಗೆ ಬಿತ್ತು. ಅದು ಎಷ್ಟೋ ವರ್ಷದಿಂದ ಕಣ್ಣ ಮುಂದೆಯೇ ಇದ್ದ ಸಂಗತಿ. ಮೆತ್ತನೆಯ ರೊಟ್ಟಿ ಅವತ್ತೇ ಖರ್ಚಾಗಬೇಕು, ಖಡಕ್ ರೊಟ್ಟಿ ವಾರಗಟ್ಟಲೆ ಇರುತ್ತದೆ, ಬಸ್ಸು ಹತ್ತುತ್ತದೆ. ಹತ್ತು ರೂಪಾಯಿಗೆ ಒಂದರಂತೆ, ಜೊತೆಗೆ ಶೇಂಗಾ ಚಟ್ನಿಪುಡಿಯ ಪೊಟ್ಟಣ.

ಮೊದಲ ಸಲ ಕಳಿಸಿದ್ದರಲ್ಲಿ ಅರ್ಧಕ್ಕರ್ಧ ಬಸ್ಸಿನಲ್ಲೇ ಪುಡಿಯಾಯಿತು. ಅಲುಗಾಡದಂತೆ ರೊಟ್ಟಿಯ ಅಳತೆಯದೇ ರಟ್ಟಿನ ಪೆಟ್ಟಿಗೆ ಹುಡುಕಿ, ಸಂದಿಯಲ್ಲಿ ಕಾಗದ ತುರುಕಿದ ಮೇಲೆ ಅದು ನಿಂತಿತು. ಮಳೆಗಾಲ ಬಂದಾಗ ಬೂಷ್ಟು ಹಿಡಿದು ಒಂದು ಪೆಟ್ಟಿಗೆ ಪೂರ್ತಿ ವಾಪಸ್ಸು ಬಂತು. ಕಾರಣ ತಿಳಿಯಲು ನಾಲ್ಕು ರೊಟ್ಟಿ ಮುರಿದು ನೋಡಿದರು: ಅಂಚು ಕಟಕ್ಕೆಂದಿತು, ನಡುವೆ ಬಾಗಿತು. ನಡುಭಾಗದಲ್ಲಿ ಪಸೆ ಉಳಿದಿತ್ತು. ಆಮೇಲಿಂದ ಸಣ್ಣ ಉರಿಯಲ್ಲಿ ಬಟ್ಟೆಯಿಂದ ಒತ್ತಿ ಎರಡನೆಯ ಸಲ ಕಾಯಿಸುತ್ತಾರೆ, ಪೆಟ್ಟಿಗೆಗೆ ಹಾಕುವ ಮೊದಲು ಪ್ರತಿ ಕಂತೆಯಿಂದ ಒಂದನ್ನು ನಡುವೆ ಮುರಿದು ಸದ್ದು ಕೇಳುತ್ತಾರೆ. ಈಗ ಅವರ ಬಳಿ ಇಬ್ಬರು ಹೆಂಗಸರು ದುಡಿಯುತ್ತಾರೆ. ಡಬ್ಬಿಗಳು ಎರಡಾಗಿವೆ, ಮನೆಯದು ಬೇರೆ, ರೊಟ್ಟಿಯದು ಬೇರೆ.

ನನ್ನ ವಾದಕ್ಕೆ ಇರುವ ಮಿತಿಯನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಗೆಲ್ಲುವುದು ನನಗೆ ಬೇಡ. ಲೋಮೆಯ 1,500 ಮಂದಿ ಆಗಲೇ ವ್ಯಾಪಾರದಲ್ಲಿದ್ದವರು, ಕಲಿಯಲು ಮುಂದೆ ಬಂದವರು. ವ್ಯಾಪಾರವೇ ಬೇಡ ಎನ್ನುವವನನ್ನು 36 ಗಂಟೆ ಕೂರಿಸಿದರೆ ಉದ್ಯಮಿಯಾಗುತ್ತಾನೆ ಎಂದು ಆ ಪ್ರಯೋಗ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಶೇ 30 ಎಂಬುದು ಸರಾಸರಿ, ಅದರೊಳಗೆ ಬಹಳ ಗಳಿಸಿದವರೂ ಏನೂ ಗಳಿಸದವರೂ ಸೇರಿದ್ದಾರೆ. ಮತ್ತೆ, ಕಲಿಸುವುದೆಲ್ಲ ಫಲ ಕೊಡುತ್ತದೆ ಎಂಬುದೂ ಸುಳ್ಳು. ಎರಡನೆಯ ಗುಂಪೇ ಅದಕ್ಕೆ ಸಾಕ್ಷಿ. ನಮ್ಮ ಕಾಲೇಜಿನಲ್ಲಿ ಉದ್ಯಮಶೀಲತೆ ಎಂಬ ವಿಷಯವಿದೆ. ನಾವು ಅದರ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆಯುತ್ತೇವೆ. ಅದರಿಂದ ಉದ್ಯಮಿಗಳು ಹುಟ್ಟದಿದ್ದಾಗ ‘ನೋಡಿ, ಕಲಿಸಿದರೆ ಬರುವುದಿಲ್ಲ’ ಎನ್ನುವವರಿದ್ದಾರೆ. ಈಜಿನ ಪುಸ್ತಕ ಓದಿದವನು ಮುಳುಗಿದರೆ ಈಜು ಹುಟ್ಟಿನಿಂದ ಬರುವುದು ಎಂದು ಸಾಬೀತಾಗುತ್ತದೆಯೇ? ಅವನನ್ನು ಯಾರೂ ಕೆರೆಗೆ ಇಳಿಸಿರಲಿಲ್ಲ.

ಎದುರು ಪಕ್ಷದ ಗೆಳೆಯರು ಈಗ ಎದ್ದು ಬರುತ್ತಾರೆ. ದೊಡ್ಡ ಉದ್ಯಮಿಗಳ ಬಾಲ್ಯದ ಕಥೆಗಳು ಅವರ ಬಳಿ ಸಾಕಷ್ಟು ಇರಬಹುದು, ನಾವು ಗೌರವದಿಂದಲೇ ಕೇಳುತ್ತೇವೆ. ಆದರೆ ಅವರು ಒಂದು ಪ್ರಶ್ನೆಗೆ ಉತ್ತರ ಕೊಟ್ಟು ಮುಂದುವರಿಯಬೇಕೆಂದು ನನ್ನ ಕೋರಿಕೆ. ಚೀಟಿ ಎತ್ತಿ ಹಂಚಿದ ಮೂರು ಗುಂಪಿನಲ್ಲಿ ಹುಟ್ಟುಗುಣ ಸಮನಾಗಿತ್ತು, ಊರು ಒಂದೇ ಇತ್ತು, ಮಾರುಕಟ್ಟೆ ಒಂದೇ ಇತ್ತು. ಹಾಗಿದ್ದರೆ ಮೂರನೆಯ ಗುಂಪಿನವರ ಆ ಮೂವತ್ತು ರೂಪಾಯಿ ಎಲ್ಲಿಂದ ಬಂತು?